ಆವರ್ತ ಕೋಷ್ಟಕದ ಅಪವಾದಗಳಿಗೆ ಒಂದು ಕಾರಣವಾರು ಹೋಲಿಕೆ ಹಾಳೆ

ರಸಾಯನಶಾಸ್ತ್ರದ ಪ್ರವೇಶ ಪರೀಕ್ಷೆಗೆ ಓದುವವರ ಟಿಪ್ಪಣಿ ಪುಸ್ತಕಗಳಲ್ಲಿ ಆವರ್ತ ಕೋಷ್ಟಕದ ಪುಟ ಸಾಮಾನ್ಯವಾಗಿ ಒಂದೇ ಬಗೆಯದಾಗಿರುತ್ತದೆ. ಪರಮಾಣು ತ್ರಿಜ್ಯ, ಅಯಾನೀಕರಣ ಶಕ್ತಿ, ಎಲೆಕ್ಟ್ರಾನ್ ಗಳಿಕೆ ಎಂಥಾಲ್ಪಿ, ವಿದ್ಯುದೃಣತೆ ಎಂಬ ನಾಲ್ಕು ಶೀರ್ಷಿಕೆಗಳಿರುತ್ತವೆ, ಪ್ರತಿಯೊಂದರ ಕೆಳಗೆ ಬಲಕ್ಕೊಂದು, ಕೆಳಕ್ಕೊಂದು ಬಾಣವಿರುತ್ತದೆ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅಪವಾದಗಳ ಪಟ್ಟಿಯಿರುತ್ತದೆ. ಈ ಜೋಡಣೆಯಲ್ಲಿ ತಪ್ಪೇನೂ ಇಲ್ಲವಾದರೂ ಹೀಗೆ ಬರೆದಾಗ ಪ್ರತಿಯೊಂದು ಅಪವಾದವೂ ಬೇರೆಬೇರೆಯಾಗಿ ಬಾಯಿಪಾಠ ಮಾಡಬೇಕಾದ ಸಂಗತಿಯಂತೆ ಕಾಣುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಪರಿಚಿತ ಜೋಡಿಯ ಬದಲು ಅದೇ ಕಾರಣದ ಮತ್ತೊಂದು ಜೋಡಿ ಬಂದ ಕೂಡಲೇ ಆ ಪಟ್ಟಿ ನೆರವಿಗೆ ಬರುವುದಿಲ್ಲ.

ಪರೀಕ್ಷೆಯಲ್ಲಿ ಮತ್ತೆ ಮತ್ತೆ ಕೇಳಲಾಗುವ ಅಪವಾದಗಳನ್ನು ಗುಣಗಳ ಬದಲು ಕಾರಣಗಳ ಪ್ರಕಾರ ವಿಂಗಡಿಸಿದರೆ ಅವು ಹೆಚ್ಚುಕಡಿಮೆ ನಾಲ್ಕೇ ಕಾರಣಗಳಿಗೆ ಇಳಿಯುತ್ತವೆ. ಆ ನಾಲ್ಕು ಕಾರಣಗಳ ಮೇಲೆ ಒಂದೇ ಹಾಳೆಯನ್ನು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಅಯಾನೀಕರಣ ಶಕ್ತಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದರ ಅಂಕಿಗಳಲ್ಲಿ ಕಾರಣಗಳು ನೇರವಾಗಿ ಕಾಣುತ್ತವೆ. ವಿದ್ಯುದೃಣತೆಗೆ ಕಡಿಮೆ ಜಾಗ ಸಾಕು.

ಮೊದಲ ಹೆಜ್ಜೆ: ಹಾಳೆಗೆ ಗೆರೆ ಹಾಕುವುದು

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು, ತಲೆಯಲ್ಲಿ ಸಾಮಾನ್ಯ ಪ್ರವೃತ್ತಿಯ ಕಾರಣವನ್ನು ಎರಡೇ ವಾಕ್ಯಗಳಲ್ಲಿ ಬರೆಯಬೇಕು. ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪ್ರೋಟಾನುಗಳು ಒಂದೊಂದಾಗಿ ಹೆಚ್ಚುತ್ತವೆ; ಹೊಸ ಎಲೆಕ್ಟ್ರಾನುಗಳು ಅದೇ ಕವಚಕ್ಕೆ ಸೇರುವುದರಿಂದ ಅವು ಒಂದಕ್ಕೊಂದು ನ್ಯೂಕ್ಲಿಯಸ್ಸನ್ನು ಪೂರ್ತಿಯಾಗಿ ಮರೆಮಾಡಲಾರವು, ಹಾಗಾಗಿ ಹೊರಗಿನ ಎಲೆಕ್ಟ್ರಾನಿನ ಮೇಲೆ ಬೀಳುವ ನಿಜವಾದ ಸೆಳೆತ ಏರುತ್ತದೆ. ಗುಂಪಿನಲ್ಲಿ ಕೆಳಗಿಳಿದಂತೆ ಕವಚ ಒಂದೊಂದಾಗಿ ಹೆಚ್ಚಿ, ಹೊರಗಿನ ಎಲೆಕ್ಟ್ರಾನು ನ್ಯೂಕ್ಲಿಯಸ್ಸಿನಿಂದ ದೂರ ಸರಿಯುತ್ತದೆ. ತ್ರಿಜ್ಯ, ಅಯಾನೀಕರಣ ಶಕ್ತಿ ಮತ್ತು ವಿದ್ಯುದೃಣತೆಗಳ ಸಾಮಾನ್ಯ ದಿಕ್ಕು ಈ ಎರಡು ವಾಕ್ಯಗಳಿಂದಲೇ ಹೊರಡುತ್ತದೆ.

ಅದರ ಕೆಳಗೆ ಐದು ಅಂಕಣಗಳನ್ನು ಮಾಡಿಕೊಳ್ಳಬೇಕು: ಹೋಲಿಸುವ ಜೋಡಿ, ಸಾಮಾನ್ಯ ನಿಯಮದ ನಿರೀಕ್ಷೆ, ನಿಜವಾದ ಸ್ಥಿತಿ, ಕಾರಣ, ಮತ್ತು ಗಡಿ. ಮೊದಲ ನಾಲ್ಕು ಅಂಕಣಗಳು ಎಲ್ಲರ ಹಾಳೆಯಲ್ಲೂ ಇರುತ್ತವೆ. ಐದನೆಯದನ್ನು ನಾನು ಒತ್ತಾಯಿಸಿ ಸೇರಿಸುತ್ತಿದ್ದೇನೆ. ಒಂದು ಅಪವಾದ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬರೆದುಕೊಳ್ಳದವರು ಅಪವಾದ ಗೊತ್ತಿಲ್ಲದೆ ಕಳೆದುಕೊಳ್ಳುವ ಅಂಕಗಳಿಗಿಂತ ಹೆಚ್ಚನ್ನು ಅದನ್ನು ಅತಿಯಾಗಿ ಅನ್ವಯಿಸಿ ಕಳೆದುಕೊಳ್ಳುತ್ತಾರೆ.

ಎರಡನೇ ಹೆಜ್ಜೆ: ಎರಡನೇ ಆವರ್ತದ ಅಂಕಿಗಳನ್ನು ಮುಂದಿಟ್ಟುಕೊಳ್ಳುವುದು

ಮೊದಲ ಅಯಾನೀಕರಣ ಶಕ್ತಿಯ ಎಂಟು ಅಂಕಿಗಳನ್ನು ಹಾಳೆಯ ಒಂದು ಮೂಲೆಯಲ್ಲಿ ಬರೆದುಕೊಳ್ಳಿ. ಇಲ್ಲಿ ಮತ್ತು ಮುಂದೆ ಎಲ್ಲ ಶಕ್ತಿಗಳೂ ಪ್ರತಿ ಮೋಲ್‌ಗೆ ಕಿಲೋಜೌಲ್‌ಗಳಲ್ಲಿವೆ.

Li 520, Be 899, B 801, C 1086, N 1402, O 1314, F 1681, Ne 2080

ಏರುತ್ತಾ ಹೋಗಬೇಕಾದ ಈ ಸಾಲು ಎರಡು ಕಡೆ ಮುಗ್ಗರಿಸುತ್ತದೆ: ಬೆರಿಲಿಯಂನಿಂದ ಬೋರಾನ್‌ಗೆ ಬರುವಾಗ ಒಮ್ಮೆ, ನೈಟ್ರೋಜನ್‌ನಿಂದ ಆಕ್ಸಿಜನ್‌ಗೆ ಬರುವಾಗ ಇನ್ನೊಮ್ಮೆ. ಎರಡೂ ಇಳಿತಗಳು ನೋಡಲು ಒಂದೇ ರೀತಿ ಇದ್ದರೂ ಕಾರಣಗಳು ಬೇರೆ, ಆದ್ದರಿಂದ ಹಾಳೆಯಲ್ಲೂ ಅವು ಬೇರೆ ಸಾಲುಗಳಲ್ಲಿರಬೇಕು.

ಮೊದಲನೆಯ ಕಾರಣ, ಎಲೆಕ್ಟ್ರಾನು ಹೊರಡುವ ಆರ್ಬಿಟಲ್ಲೇ ಬದಲಾಗುವುದು. ಬೆರಿಲಿಯಂನ ವಿನ್ಯಾಸ 1s² 2s². ಬೋರಾನ್‌ನದು 1s² 2s² 2p¹. ಬೆರಿಲಿಯಂನಿಂದ ಕೀಳಬೇಕಾದದ್ದು 2s ಎಲೆಕ್ಟ್ರಾನು, ಬೋರಾನ್‌ನಿಂದ ಕೀಳಬೇಕಾದದ್ದು 2p ಎಲೆಕ್ಟ್ರಾನು. ಒಂದೇ ಕವಚದಲ್ಲಿದ್ದರೂ s ಎಲೆಕ್ಟ್ರಾನು ನ್ಯೂಕ್ಲಿಯಸ್ಸಿನ ತೀರ ಸಮೀಪದವರೆಗೆ ನುಸುಳುತ್ತದೆ. p ಎಲೆಕ್ಟ್ರಾನಿಗೆ ಅಷ್ಟು ನುಸುಳಲು ಆಗುವುದಿಲ್ಲ, ಅಲ್ಲದೆ ಒಳಗಿರುವ 2s ಜೋಡಿಯೂ ಅದಕ್ಕೆ ಸ್ವಲ್ಪ ಮರೆಯಾಗುತ್ತದೆ. ಒಂದು ಪ್ರೋಟಾನು ಹೆಚ್ಚಿದ್ದರೂ ಬೋರಾನ್‌ನ ಆ ಎಲೆಕ್ಟ್ರಾನು ಸಡಿಲವಾಗಿಯೇ ಇರುತ್ತದೆ. ಮೂರನೇ ಆವರ್ತದಲ್ಲಿ ಮೆಗ್ನೀಸಿಯಂ 737, ಅಲ್ಯೂಮಿನಿಯಂ 577 ಎಂದು ಇದೇ ಕತೆ ಮರುಕಳಿಸುತ್ತದೆ.

ಎರಡನೆಯ ಕಾರಣ, ಎಲೆಕ್ಟ್ರಾನುಗಳು ಜೋಡಿಯಾಗತೊಡಗುವುದು. ನೈಟ್ರೋಜನ್‌ನ ಮೂರು p ಎಲೆಕ್ಟ್ರಾನುಗಳು ಮೂರು ಪ್ರತ್ಯೇಕ ಆರ್ಬಿಟಲ್‌ಗಳಲ್ಲಿ ಒಂದೊಂದಾಗಿ ಕೂತಿವೆ. ಆಕ್ಸಿಜನ್‌ನ ನಾಲ್ಕನೆಯ ಎಲೆಕ್ಟ್ರಾನಿಗೆ ಖಾಲಿ ಆರ್ಬಿಟಲ್ ಸಿಗದೆ ಅದು ಆಗಲೇ ಒಂದು ಎಲೆಕ್ಟ್ರಾನಿರುವ ಕಡೆ ಸೇರಬೇಕಾಗುತ್ತದೆ. ಅಲ್ಲಿ ಎರಡೂ ಒಂದನ್ನೊಂದು ತಳ್ಳುತ್ತವೆ, ಹಾಗಾಗಿ ಅವುಗಳಲ್ಲೊಂದನ್ನು ಹೊರಗೆಳೆಯುವುದು ಸುಲಭವಾಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು, ಏಕೆಂದರೆ ಬಹುತೇಕ ಟಿಪ್ಪಣಿಗಳಲ್ಲಿ ಈ ಕಾರಣದ ಬದಲು ‘ಅರ್ಧ ತುಂಬಿದ ಉಪಕವಚದ ಹೆಚ್ಚುವರಿ ಸ್ಥಿರತೆ’ ಎಂಬ ಮಾತಿರುತ್ತದೆ. ಆ ಮಾತು ಸುಳ್ಳಲ್ಲ, ಆದರೆ ನೈಟ್ರೋಜನ್ ಏನೋ ವಿಶೇಷವಾಗಿ ಮೇಲಕ್ಕೆ ಜಿಗಿದಿದೆ ಎಂಬ ಭಾವನೆಯನ್ನು ಅದು ಮೂಡಿಸುತ್ತದೆ. ಮೂಲೆಯಲ್ಲಿ ಬರೆದುಕೊಂಡ ಅಂಕಿಗಳನ್ನೇ ನೋಡಿ. ಬೋರಾನ್‌ನಿಂದ ಕಾರ್ಬನ್‌ಗೆ 285, ಕಾರ್ಬನ್‌ನಿಂದ ನೈಟ್ರೋಜನ್‌ಗೆ 316 ಏರಿಕೆಯಾಗಿದೆ. ನೈಟ್ರೋಜನ್ ತನ್ನ ಸಾಲಿನಲ್ಲಿ ಇರಬೇಕಾದ ಎತ್ತರದಲ್ಲೇ ಇದೆ. ಅದೇ ಏರಿಕೆ ಮುಂದುವರಿದಿದ್ದರೆ ಆಕ್ಸಿಜನ್ 1700ನ್ನು ದಾಟಬೇಕಿತ್ತು. ಅದು 1314ಕ್ಕೆ ಇಳಿದಿದೆ, ಮತ್ತು ಅಲ್ಲಿಂದ ಫ್ಲೋರಿನ್, ನಿಯಾನ್‌ಗಳು ಮತ್ತೆ ಹಿಂದಿನ ಹಾಗೆಯೇ ಮೇಲೇರುತ್ತವೆ. ನಕ್ಷೆ ಬರೆದರೆ ಹೆಚ್ಚುಕಡಿಮೆ ಸಮಾನಾಂತರವಾದ ಎರಡು ಏಣಿಗಳು ಕಾಣುತ್ತವೆ: B, C, N ಒಂದು ಏಣಿ, O, F, Ne ಅದಕ್ಕಿಂತ ಕೆಳಗಿನಿಂದ ಹೊರಟ ಇನ್ನೊಂದು ಏಣಿ. ಎರಡನೆಯ ಏಣಿಯ ಮೂರೂ ಮೂಲವಸ್ತುಗಳಲ್ಲಿ ಕೀಳಬೇಕಾದ ಎಲೆಕ್ಟ್ರಾನು ಜೋಡಿಯಲ್ಲಿದೆ. ಉತ್ತರದ ಆಯ್ಕೆಗಳಲ್ಲಿ ‘ಅರ್ಧ ತುಂಬಿದ ಉಪಕವಚದ ಸ್ಥಿರತೆ’ ಎಂದಷ್ಟೇ ಇದ್ದರೆ ಅದನ್ನೇ ಆರಿಸಿ. ಹಾಳೆಯಲ್ಲಿ ಮಾತ್ರ ಜೋಡಿಯ ತಳ್ಳಾಟವನ್ನೂ ಬರೆದಿಡಿ, ಗಡಿಯನ್ನು ವಿವರಿಸುವಾಗ ಅದು ಬೇಕಾಗುತ್ತದೆ.

ಮೂರನೇ ಹೆಜ್ಜೆ: ಈ ಎರಡು ಕಾರಣಗಳಿಗೆ ಗಡಿ ಬರೆಯುವುದು

ಮೊದಲ ಗಡಿ, ಅದಲುಬದಲು ನಡೆಯುವುದು ಪಕ್ಕದ ಮೂಲವಸ್ತುವಿನೊಂದಿಗೆ ಮಾತ್ರ. ಬೆರಿಲಿಯಂ ಬೋರಾನ್‌ಅನ್ನು ಮೀರಿಸುತ್ತದೆ, ಕಾರ್ಬನ್‌ಅನ್ನಲ್ಲ. ನೈಟ್ರೋಜನ್ ಆಕ್ಸಿಜನ್‌ಅನ್ನು ಮೀರಿಸುತ್ತದೆ, ಫ್ಲೋರಿನ್‌ಅನ್ನಲ್ಲ. ಹಾಗಾಗಿ ಪೂರ್ಣ ಕ್ರಮ ಹೀಗಿದೆ:

Li < B < Be < C < O < N < F < Ne

ಎರಡನೇ ಗಡಿ ಇನ್ನೂ ಸ್ವಾರಸ್ಯಕರ. ಜೋಡಿಯ ತಳ್ಳಾಟ ಎಷ್ಟು ಪ್ರಬಲವಾಗಿರುತ್ತದೆ ಎಂಬುದು ಆರ್ಬಿಟಲ್ ಎಷ್ಟು ಇಕ್ಕಟ್ಟಾಗಿದೆ ಎಂಬುದನ್ನು ಅವಲಂಬಿಸಿದೆ. 2p ಚಿಕ್ಕದು, 3p ಅದಕ್ಕಿಂತ ಹರಡಿಕೊಂಡದ್ದು. ಆದ್ದರಿಂದ ನೈಟ್ರೋಜನ್‌ನಿಂದ ಆಕ್ಸಿಜನ್‌ಗೆ 88ರಷ್ಟಿದ್ದ ಇಳಿತ, ರಂಜಕ (1011) ಮತ್ತು ಗಂಧಕಗಳ (999) ನಡುವೆ 12ಕ್ಕೆ ಕುಗ್ಗುತ್ತದೆ. ಆರ್ಸೆನಿಕ್ (947) ಮತ್ತು ಸೆಲೆನಿಯಂ (941) ನಡುವೆ ಅದು 6ಕ್ಕೆ ಬರುತ್ತದೆ. ಐದನೇ ಆವರ್ತದಲ್ಲಿ ಆಂಟಿಮನಿ 834, ಟೆಲ್ಲುರಿಯಂ 869. ಅಪವಾದವೇ ಮಾಯವಾಗಿ ಸಾಮಾನ್ಯ ನಿಯಮ ಮರಳಿದೆ. ‘15ನೇ ಗುಂಪು ಯಾವಾಗಲೂ 16ನೇ ಗುಂಪಿಗಿಂತ ಹೆಚ್ಚು’ ಎಂದು ಕಲಿತವರು ಈ ಕೊನೆಯ ಜೋಡಿಯಲ್ಲಿ ತಪ್ಪುತ್ತಾರೆ.

ಒಂದು ಪ್ರಶ್ನೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ

C, N, O, F ಇವುಗಳ ಎರಡನೇ ಅಯಾನೀಕರಣ ಶಕ್ತಿಯ ಏರಿಕೆ ಕ್ರಮವನ್ನು ಬರೆಯಿರಿ ಎಂಬುದು ಬಹಳ ಹಳೆಯ, ಈಗಲೂ ಕೆಲಸಕ್ಕೆ ಬರುವ ಪ್ರಶ್ನೆ. ಅನೇಕರು ಮೊದಲ ಅಯಾನೀಕರಣದ ಕ್ರಮವನ್ನೇ ಬರೆದುಬಿಡುತ್ತಾರೆ: C < O < N < F. ಅದು ತಪ್ಪು. ಎರಡನೆಯ ಎಲೆಕ್ಟ್ರಾನು ತಟಸ್ಥ ಪರಮಾಣುವಿನಿಂದ ಹೊರಡುವುದಿಲ್ಲ, ಆಗಲೇ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ಧನ ಅಯಾನಿನಿಂದ ಹೊರಡುತ್ತದೆ. ಆದ್ದರಿಂದ ಮೊದಲು ಅಯಾನುಗಳ ಹೊರಕವಚವನ್ನು ಬರೆಯಬೇಕು.

C⁺ : 2s² 2p¹
N⁺ : 2s² 2p²
O⁺ : 2s² 2p³
F⁺ : 2s² 2p⁴

ಈಗ ಒಂಟಿ ಒಂಟಿಯಾಗಿ ಕೂತ ಮೂರು ಎಲೆಕ್ಟ್ರಾನುಗಳಿರುವುದು ಆಕ್ಸಿಜನ್ ಅಯಾನಿನಲ್ಲಿ, ಜೋಡಿ ಶುರುವಾಗುವುದು ಫ್ಲೋರಿನ್ ಅಯಾನಿನಲ್ಲಿ. ಎರಡನೆಯ ಕಾರಣ ಒಂದು ಸ್ಥಾನ ಬಲಕ್ಕೆ ಸರಿದಿದೆ. ಹಾಗಾಗಿ ಕ್ರಮ C < N < F < O ಆಗುತ್ತದೆ. ಅಂಕಿಗಳು ಕ್ರಮವಾಗಿ 2353, 2856, 3374, 3388. ಕೊನೆಯ ಎರಡರ ನಡುವೆ 14ರಷ್ಟೇ ಅಂತರವಿರುವುದನ್ನು ಗಮನಿಸಬೇಕು. ಫ್ಲೋರಿನ್‌ಗಿರುವ ಹೆಚ್ಚುವರಿ ಪ್ರೋಟಾನು ತಳ್ಳಾಟವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ, ಆದರೆ ಪೂರ್ತಿಯಾಗಿ ಅಲ್ಲ.

ಇದನ್ನು ಇಡೀ ಆವರ್ತಕ್ಕೆ ವಿಸ್ತರಿಸಲು ಹೊಸದಾಗಿ ಏನನ್ನೂ ನೆನಪಿಡಬೇಕಿಲ್ಲ. ಮೊದಲ ಅಯಾನೀಕರಣದ ಕ್ರಮದಲ್ಲಿರುವ ಪ್ರತಿಯೊಂದು ಮೂಲವಸ್ತುವಿನ ಜಾಗದಲ್ಲಿ ಕೋಷ್ಟಕದಲ್ಲಿ ಅದರ ಬಲಗಡೆಯ ಮೂಲವಸ್ತುವನ್ನು ಬರೆದರೆ ಸಾಕು. Li ಇದ್ದಲ್ಲಿ Be, B ಇದ್ದಲ್ಲಿ C, Be ಇದ್ದಲ್ಲಿ B, ಹೀಗೆ ಮುಂದುವರಿಯುತ್ತದೆ. ಲಿಥಿಯಂನ ಧನ ಅಯಾನು ಹೀಲಿಯಂನಂತೆ ತುಂಬಿದ ಮೊದಲ ಕವಚವನ್ನು ಹೊಂದಿರುವುದರಿಂದ ಅದು 7298ರೊಂದಿಗೆ ಎಲ್ಲರಿಗಿಂತ ಮೇಲೆ ಹೋಗಿ ಕೂರುತ್ತದೆ.

Be < C < B < N < F < O < Ne < Li

ಇದೇ ಉಪಾಯವನ್ನು ಮೂರನೇ ಆವರ್ತಕ್ಕೆ ಕಣ್ಣುಮುಚ್ಚಿ ಹಚ್ಚಿದರೆ ಒಂದು ಕಡೆ ಎಡವುತ್ತೇವೆ. ಸರಿಸುವ ನಿಯಮದ ಪ್ರಕಾರ ಎರಡನೇ ಅಯಾನೀಕರಣದಲ್ಲಿ ಗಂಧಕ ಕ್ಲೋರಿನ್‌ಗಿಂತ ಮೇಲಿರಬೇಕು. ವಾಸ್ತವದಲ್ಲಿ ಗಂಧಕದ್ದು ಸುಮಾರು 2252, ಕ್ಲೋರಿನ್‌ನದು ಸುಮಾರು 2298. ಮೊದಲ ಅಯಾನೀಕರಣದಲ್ಲೇ 12ರಷ್ಟು ಮಾತ್ರ ಇದ್ದ ಇಳಿತವನ್ನು ಅಯಾನಿನ ಹೆಚ್ಚಿದ ಸೆಳೆತ ನುಂಗಿಹಾಕಿದೆ. ಹರಡಿಕೊಂಡ 3pಯಲ್ಲಿ ಜೋಡಿಯ ತಳ್ಳಾಟ ದುರ್ಬಲ ಎಂದು ಹಿಂದೆ ಬರೆದ ಗಡಿಯೇ ಇಲ್ಲಿಯೂ ಉತ್ತರ ಕೊಡುತ್ತದೆ. ಮೊದಲನೆಯ ಕಾರಣಕ್ಕೆ ಸೇರಿದ Si < Al ಎಂಬ ಅದಲುಬದಲು ಮಾತ್ರ ನಿರೀಕ್ಷೆಯಂತೆ ಉಳಿಯುತ್ತದೆ (1577 ಮತ್ತು 1817).

ನಾಲ್ಕನೇ ಹೆಜ್ಜೆ: ಚಿಕ್ಕ ಕವಚದ ಇಕ್ಕಟ್ಟು

ಮೂರನೆಯ ಕಾರಣ ಎಲೆಕ್ಟ್ರಾನ್ ಗಳಿಕೆ ಎಂಥಾಲ್ಪಿಗೆ ಸಂಬಂಧಿಸಿದ್ದು. ಅದಕ್ಕೆ ಮುನ್ನ ಚಿಹ್ನೆಯ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಎಲೆಕ್ಟ್ರಾನನ್ನು ಸೇರಿಸಿಕೊಂಡಾಗ ಶಕ್ತಿ ಹೊರಬಂದರೆ ಮೌಲ್ಯ ಋಣವಾಗಿರುತ್ತದೆ. ಹೆಚ್ಚು ಶಕ್ತಿ ಹೊರಬಂದಷ್ಟೂ ಅದು ಇನ್ನಷ್ಟು ಋಣವಾಗುತ್ತದೆ. ಪ್ರಶ್ನೆಯಲ್ಲಿ ‘ಹೆಚ್ಚು ಋಣ’ ಎಂದಿದೆಯೇ, ‘ಪರಿಮಾಣದಲ್ಲಿ ಹೆಚ್ಚು’ ಎಂದಿದೆಯೇ, ಅಥವಾ ಚಿಹ್ನೆಸಹಿತವಾದ ಏರಿಕೆ ಕ್ರಮವನ್ನು ಕೇಳಿದೆಯೇ ಎಂದು ಓದದೆ ಉತ್ತರ ಗುರುತಿಸಿದರೆ, ರಸಾಯನಶಾಸ್ತ್ರ ಪೂರ್ತಿ ಸರಿಯಾಗಿದ್ದೂ ಕ್ರಮ ತಲೆಕೆಳಗಾಗುತ್ತದೆ. ಹಾಳೆಯಲ್ಲಿ ಯಾವಾಗಲೂ ಹೊರಬರುವ ಶಕ್ತಿಯ ಪರಿಮಾಣವನ್ನೇ ಹೋಲಿಸಿ, ಚಿಹ್ನೆಯನ್ನು ಕೊನೆಗೆ ಹಚ್ಚುವುದು ಸುರಕ್ಷಿತ.

ಗುಂಪಿನಲ್ಲಿ ಮೇಲಿರುವುದಕ್ಕೇ ಹೆಚ್ಚು ಶಕ್ತಿ ಹೊರಬರಬೇಕು ಎಂಬುದು ಸಾಮಾನ್ಯ ನಿರೀಕ್ಷೆ. ಹ್ಯಾಲೊಜನ್‌ಗಳಲ್ಲಿ ಮೌಲ್ಯಗಳು F −328, Cl −349, Br −325, I −295. ಕ್ಲೋರಿನ್‌ನಿಂದ ಕೆಳಗೆ ನಿಯಮ ಸರಿಯಾಗಿ ನಡೆಯುತ್ತದೆ, ಫ್ಲೋರಿನ್ ಮಾತ್ರ ಕ್ಲೋರಿನ್‌ಗಿಂತ ಹಿಂದೆ ಬಿದ್ದಿದೆ. ಫ್ಲೋರಿನ್‌ನ ಎರಡನೇ ಕವಚ ಬಹಳ ಚಿಕ್ಕದು, ಅದರಲ್ಲಿ ಆಗಲೇ ಏಳು ಎಲೆಕ್ಟ್ರಾನುಗಳು ಇಕ್ಕಟ್ಟಾಗಿ ಸೇರಿಕೊಂಡಿವೆ. ಹೊರಗಿನಿಂದ ಬರುವ ಎಂಟನೆಯ ಎಲೆಕ್ಟ್ರಾನನ್ನು ನ್ಯೂಕ್ಲಿಯಸ್ ಬಲವಾಗಿ ಸೆಳೆದರೂ ಈ ಏಳೂ ಸೇರಿ ತಳ್ಳುವುದರಿಂದ, ಹೊರಬರಬೇಕಿದ್ದ ಶಕ್ತಿಯ ಒಂದು ಭಾಗ ಅಲ್ಲೇ ಖರ್ಚಾಗುತ್ತದೆ. ಕ್ಲೋರಿನ್‌ನ ಮೂರನೇ ಕವಚ ವಿಶಾಲವಾಗಿದ್ದು ಅಷ್ಟು ತಳ್ಳಾಟವಿರುವುದಿಲ್ಲ. 16ನೇ ಗುಂಪಿನಲ್ಲಿ ಆಕ್ಸಿಜನ್ −141, ಗಂಧಕ −200 ಆಗಿರುವುದಕ್ಕೂ ಇದೇ ಕಾರಣ, ಮತ್ತು ಅಲ್ಲಿ ಹಿನ್ನಡೆ ಇನ್ನೂ ದೊಡ್ಡದು: ಆಕ್ಸಿಜನ್ ಸೆಲೆನಿಯಂ (−195) ಮತ್ತು ಟೆಲ್ಲುರಿಯಂಗಳಿಗಿಂತಲೂ (−190) ಕೆಳಗಿದೆ. ನೈಟ್ರೋಜನ್‌ನಲ್ಲಿ ಇಕ್ಕಟ್ಟಿನ ಜೊತೆಗೆ ಹೊಸ ಎಲೆಕ್ಟ್ರಾನು ಜೋಡಿಯಾಗಲೇಬೇಕಾದ ಸ್ಥಿತಿಯೂ ಸೇರಿಕೊಂಡು ಮೌಲ್ಯ ಬಹುತೇಕ ಸೊನ್ನೆಗೆ ಬರುತ್ತದೆ, ರಂಜಕದ್ದು ಸುಮಾರು −72.

ಈ ಕಾರಣವನ್ನು ಬರೆದ ಸಾಲಿನಲ್ಲೇ ಇನ್ನೊಂದು ಅಪವಾದವನ್ನೂ ಬರೆದುಕೊಳ್ಳಬಹುದು. ಹ್ಯಾಲೊಜನ್ ಅಣುಗಳ ಬಂಧ ಮುರಿಯಲು ಬೇಕಾದ ಶಕ್ತಿ Cl₂ 243, Br₂ 193, F₂ 159, I₂ 151 ಆಗಿದೆ. ಎರಡು ಪುಟ್ಟ ಫ್ಲೋರಿನ್ ಪರಮಾಣುಗಳು ಹತ್ತಿರ ಬಂದಾಗ ಅವುಗಳ ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿಗಳು ಪರಸ್ಪರ ತಳ್ಳುವುದರಿಂದ ಬಂಧ ದುರ್ಬಲವಾಗುತ್ತದೆ. ಈ ಅಪವಾದ ಬೇರೆ ಅಧ್ಯಾಯದಲ್ಲಿ ಬರುತ್ತದೆಯಾದರೂ ಕಾರಣ ಇದೇ.

ಗಡಿಯ ಅಂಕಣದಲ್ಲಿ ಬರೆಯಬೇಕಾದದ್ದು ಇಷ್ಟು. ಇಕ್ಕಟ್ಟಿನ ವಾದವು ಬಿಡಿ ಪರಮಾಣುವಿಗೆ ಇಡೀ ಎಲೆಕ್ಟ್ರಾನೊಂದನ್ನು ಸೇರಿಸುವ ಕ್ರಿಯೆಗೆ ಸಂಬಂಧಿಸಿದ್ದು. ವಿದ್ಯುದೃಣತೆ ಎಂದರೆ ಬಂಧದಲ್ಲಿ ಹಂಚಿಕೊಂಡ ಜೋಡಿಯನ್ನು ತನ್ನತ್ತ ಸೆಳೆಯುವ ಸಾಮರ್ಥ್ಯ. ಅದರಲ್ಲಿ ಫ್ಲೋರಿನ್‌ನದೇ ಅತಿ ಹೆಚ್ಚು. ಹಾಗೆಯೇ ಕ್ಲೋರಿನ್‌ನ ಗಳಿಕೆ ಹೆಚ್ಚಿದೆ ಎಂದು ಅದೇ ಬಲವಾದ ಉತ್ಕರ್ಷಣಕಾರಿ ಎನ್ನಲಾಗದು. ನೀರಿನಲ್ಲಿ ನಡೆಯುವ ಆ ಕ್ರಿಯೆಯಲ್ಲಿ ಫ್ಲೋರಿನ್ ಅಣುವಿನ ದುರ್ಬಲ ಬಂಧ ಸುಲಭವಾಗಿ ಮುರಿಯುತ್ತದೆ ಮತ್ತು ಪುಟ್ಟ ಫ್ಲೋರೈಡ್ ಅಯಾನನ್ನು ನೀರಿನ ಅಣುಗಳು ಸುತ್ತುವರಿದಾಗ ಅಪಾರ ಶಕ್ತಿ ಹೊರಬರುತ್ತದೆ. ಇವೆರಡೂ ಸೇರಿ ಫ್ಲೋರಿನ್‌ಅನ್ನೇ ಮುಂದೆ ನಿಲ್ಲಿಸುತ್ತವೆ.

ಐದನೇ ಹೆಜ್ಜೆ: d ಮತ್ತು f ಎಲೆಕ್ಟ್ರಾನುಗಳ ತೆಳ್ಳನೆಯ ಮರೆ

ನಾಲ್ಕನೆಯ ಕಾರಣ ಕೋಷ್ಟಕದ ಕೆಳಭಾಗದ್ದು. d ಆರ್ಬಿಟಲ್‌ಗಳು, ಅದಕ್ಕಿಂತ ಹೆಚ್ಚಾಗಿ f ಆರ್ಬಿಟಲ್‌ಗಳು, ಹರಡಿಕೊಂಡ ಆಕಾರದವಾದ್ದರಿಂದ ಹೊರಗಿನ ಎಲೆಕ್ಟ್ರಾನುಗಳಿಗೆ ನ್ಯೂಕ್ಲಿಯಸ್ಸನ್ನು ಸರಿಯಾಗಿ ಮರೆಮಾಡಲಾರವು. ಅಲ್ಯೂಮಿನಿಯಂನಿಂದ ಗ್ಯಾಲಿಯಂಗೆ ಇಳಿಯುವಾಗ 13ರಿಂದ 31ಕ್ಕೆ, ಅಂದರೆ 18 ಪ್ರೋಟಾನುಗಳು ಹೆಚ್ಚಾಗುತ್ತವೆ. ಹೊಸ ಎಲೆಕ್ಟ್ರಾನುಗಳಲ್ಲಿ ಹತ್ತು 3dಯಲ್ಲಿವೆ. ಹೊಸ ಕವಚ ಸೇರಿದರೂ ಸೆಳೆತ ಅದನ್ನು ಒಳಕ್ಕೆ ಎಳೆದುಬಿಡುತ್ತದೆ. ಲೋಹದ ತ್ರಿಜ್ಯವನ್ನು ಹೋಲಿಸಿದರೆ ಅಲ್ಯೂಮಿನಿಯಂ 143 ಪಿಕೋಮೀಟರ್, ಗ್ಯಾಲಿಯಂ 135 ಪಿಕೋಮೀಟರ್.

13ನೇ ಗುಂಪಿನ ಮೊದಲ ಅಯಾನೀಕರಣ ಶಕ್ತಿಯ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಈ ಕಾರಣ ಎರಡು ಸಲ ಕಾಣುತ್ತದೆ: B 801, Al 577, Ga 579, In 558, Tl 589. ಗ್ಯಾಲಿಯಂ 3d ಎಲೆಕ್ಟ್ರಾನುಗಳ ಕಾರಣದಿಂದ ಅಲ್ಯೂಮಿನಿಯಂಗಿಂತ ಕೂದಲೆಳೆಯಷ್ಟು ಮೇಲಿದೆ. ಗ್ಯಾಲಿಯಂನಿಂದ ಇಂಡಿಯಂಗೆ ಇಳಿಯುವಾಗ ಎರಡರಲ್ಲೂ ತುಂಬಿದ d ಉಪಕವಚ ಇರುವುದರಿಂದ ಹೊಸ ಆಶ್ಚರ್ಯವಿಲ್ಲ. ಶಕ್ತಿ ನಿಯಮದಂತೆ ಇಳಿಯುತ್ತದೆ. ಥ್ಯಾಲಿಯಂಗೆ ಬಂದಾಗ ಹದಿನಾಲ್ಕು 4f ಎಲೆಕ್ಟ್ರಾನುಗಳು ನಡುವೆ ಸೇರಿಕೊಂಡಿರುತ್ತವೆ, ಶಕ್ತಿ ಮತ್ತೆ ಏರುತ್ತದೆ. ಇಷ್ಟು ಭಾರದ ಪರಮಾಣುವಿನಲ್ಲಿ ಸಾಪೇಕ್ಷತಾ ಪರಿಣಾಮಕ್ಕೂ ಪಾಲಿದೆ, ಆದರೆ ಪ್ರವೇಶ ಪರೀಕ್ಷೆಯ ಉತ್ತರಕ್ಕೆ f ಎಲೆಕ್ಟ್ರಾನುಗಳ ದುರ್ಬಲ ಮರೆ ಸಾಕು. ಕ್ರಮ ಹೀಗಾಗುತ್ತದೆ:

In < Al < Ga < Tl < B

ಇದೇ f ಪರಿಣಾಮವು 4ನೇ ಗುಂಪಿನಲ್ಲಿ ಜಿರ್ಕೋನಿಯಂ (160 ಪಿಕೋಮೀಟರ್) ಮತ್ತು ಹಾಫ್ನಿಯಂಗಳನ್ನು (159 ಪಿಕೋಮೀಟರ್) ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ತಂದು ನಿಲ್ಲಿಸಿದೆ. ಇದರ ಫಲವನ್ನು ರಸಾಯನಶಾಸ್ತ್ರದ ಚರಿತ್ರೆಯಲ್ಲೇ ನೋಡಬಹುದು: ಜಿರ್ಕೋನಿಯಂನ ಅದಿರಿನಲ್ಲಿ ಸದಾ ಬೆರೆತಿದ್ದ ಹಾಫ್ನಿಯಂ 1923ರವರೆಗೆ ಯಾರ ಗಮನಕ್ಕೂ ಬರಲಿಲ್ಲ. ಆ ವರ್ಷ ಕೋಪನ್‌ಹೇಗನ್‌ನಲ್ಲಿ ಕೋಸ್ಟರ್ ಮತ್ತು ಹೆವೆಶಿ ಎಕ್ಸ್-ಕಿರಣಗಳ ರೋಹಿತದಿಂದ ಅದನ್ನು ಗುರುತಿಸಿದರು. ಗಾತ್ರ ಮತ್ತು ರಾಸಾಯನಿಕ ವರ್ತನೆ ಅಷ್ಟು ಹೋಲುವಾಗ ಸಾಮಾನ್ಯ ಬೇರ್ಪಡಿಕೆಯಿಂದ ಅದು ಸಿಗುವಂತಿರಲಿಲ್ಲ.

ಈ ಸಾಲಿನ ಗಡಿ: ಹೋಲಿಸುವ ಎರಡು ಮೂಲವಸ್ತುಗಳ ನಡುವೆ ಹೊಸದಾಗಿ d ಅಥವಾ f ಸಾಲು ಬಂದಿದ್ದರೆ ಮಾತ್ರ ಇದು ಲಾಗೂ ಆಗುತ್ತದೆ. ಟೈಟಾನಿಯಂನಿಂದ ಜಿರ್ಕೋನಿಯಂಗೆ ಇಳಿಯುವಾಗ f ಸಾಲು ಅಡ್ಡಬರುವುದಿಲ್ಲ, ಹಾಗಾಗಿ ಗಾತ್ರ ಎಂದಿನಂತೆ ಹೆಚ್ಚುತ್ತದೆ.

ಅಪವಾದವೆಂದು ಬರೆಯಬಾರದ ಒಂದು ಸಂಗತಿ

‘ಆವರ್ತದ ಕೊನೆಯಲ್ಲಿ ಜಡ ಅನಿಲದ ತ್ರಿಜ್ಯ ದಿಢೀರನೆ ಹೆಚ್ಚುತ್ತದೆ’ ಎಂಬ ವಾಕ್ಯ ಅನೇಕ ಟಿಪ್ಪಣಿಗಳಲ್ಲಿರುತ್ತದೆ. ಅಲ್ಲಿ ಬದಲಾಗಿರುವುದು ಅಳತೆಗೋಲು. ಫ್ಲೋರಿನ್‌ಗೆ ಕೊಟ್ಟಿರುವುದು ಬಂಧದಲ್ಲಿರುವ ಪರಮಾಣುವಿನ ಸಹವೇಲೆನ್ಸಿ ತ್ರಿಜ್ಯ. ನಿಯಾನ್ ಬಂಧವನ್ನೇ ಮಾಡದ ಕಾರಣ ಅದಕ್ಕೆ ವಾನ್ ಡರ್ ವಾಲ್ಸ್ ತ್ರಿಜ್ಯವನ್ನು ಕೊಡಲಾಗುತ್ತದೆ, ಅದು ಸ್ವಭಾವತಃ ದೊಡ್ಡದು. ಕೋಷ್ಟಕದ ಅಂಕಿಗಳನ್ನು ಕೊಟ್ಟು ಕೇಳಿದರೆ ನಿಯಾನ್ ದೊಡ್ಡದೆಂದೇ ಉತ್ತರಿಸಿ, ಕಾರಣವಾಗಿ ಅಳತೆಯ ವ್ಯತ್ಯಾಸವನ್ನೇ ಬರೆಯಿರಿ. ಅಲ್ಯೂಮಿನಿಯಂ ಮತ್ತು ಗ್ಯಾಲಿಯಂಗೂ ಇದೇ ಎಚ್ಚರಿಕೆ ಬೇಕು: ಒಂದರ ಲೋಹದ ತ್ರಿಜ್ಯವನ್ನು ಇನ್ನೊಂದರ ಸಹವೇಲೆನ್ಸಿ ತ್ರಿಜ್ಯದೊಡನೆ ಹೋಲಿಸಬಾರದು.

ಆರನೇ ಹೆಜ್ಜೆ: ಹಾಳೆಯನ್ನು ತುಂಬಿಸಿ ಪರೀಕ್ಷಿಸುವುದು

ತುಂಬಿದ ಹಾಳೆ ಸುಮಾರು ಹೀಗೆ ಕಾಣುತ್ತದೆ.

| ಜೋಡಿ | ನಿರೀಕ್ಷೆ | ನಿಜ | ಕಾರಣ | ಗಡಿ |
|---|---|---|---|---|
| Be, B (ಮೊದಲ ಅಯಾನೀಕರಣ) | B ಹೆಚ್ಚು | Be ಹೆಚ್ಚು | 2sಗಿಂತ 2p ಸಡಿಲ | C ಎರಡಕ್ಕಿಂತ ಮೇಲೆ |
| N, O (ಮೊದಲ ಅಯಾನೀಕರಣ) | O ಹೆಚ್ಚು | N ಹೆಚ್ಚು | O ನಲ್ಲಿ ಜೋಡಿಯ ತಳ್ಳಾಟ | F ಎರಡಕ್ಕಿಂತ ಮೇಲೆ. Sb, Te ನಲ್ಲಿ ಇಲ್ಲ |
| O, F (ಎರಡನೇ ಅಯಾನೀಕರಣ) | F ಹೆಚ್ಚು | O ಹೆಚ್ಚು | F⁺ ನಲ್ಲಿ ಜೋಡಿ | S, Cl ನಲ್ಲಿ ಇಲ್ಲ |
| F, Cl (ಗಳಿಕೆ) | F ಹೆಚ್ಚು ಋಣ | Cl ಹೆಚ್ಚು ಋಣ | ಚಿಕ್ಕ ಕವಚದ ಇಕ್ಕಟ್ಟು | ವಿದ್ಯುದೃಣತೆಗೆ ಅನ್ವಯಿಸದು |
| Al, Ga (ತ್ರಿಜ್ಯ) | Ga ದೊಡ್ಡದು | Al ದೊಡ್ಡದು | 3dಯ ದುರ್ಬಲ ಮರೆ | ಲೋಹದ ತ್ರಿಜ್ಯ ಮಾತ್ರ |
| Zr, Hf (ತ್ರಿಜ್ಯ) | Hf ದೊಡ್ಡದು | ಬಹುತೇಕ ಸಮ | 4fನ ದುರ್ಬಲ ಮರೆ | Ti, Zr ನಡುವೆ ಇಲ್ಲ |

ಪರೀಕ್ಷಿಸುವಾಗ ಕಾರಣ ಮತ್ತು ಗಡಿಯ ಅಂಕಣಗಳನ್ನು ಮತ್ತೊಂದು ಕಾಗದದಿಂದ ಮುಚ್ಚಿ, ಪ್ರತಿ ಜೋಡಿಗೂ ಎಲೆಕ್ಟ್ರಾನ್ ವಿನ್ಯಾಸವನ್ನು ಬರೆದು ಕಾರಣವನ್ನು ಹೊರಡಿಸಿಕೊಳ್ಳಬೇಕು. ವಿನ್ಯಾಸ ಬರೆಯದೆ ಉತ್ತರ ಹೊಳೆದರೆ ಅದು ಬಾಯಿಪಾಠದ ಉತ್ತರ. ಅಂಥ ಸಾಲಿಗೆ ಪೆನ್ಸಿಲ್ಲಿನ ಗುರುತು ಹಾಕಿ ಮರುದಿನ ಮತ್ತೆ ನೋಡಬೇಕು.

ಕೊನೆಗೆ ಸಾಮಾನ್ಯ ನಿಯಮ ಮತ್ತು ಅಪವಾದ ಒಟ್ಟಿಗೆ ಬರುವ ಪ್ರಶ್ನೆಯೊಂದರಲ್ಲಿ ಹಾಳೆಯನ್ನು ಪ್ರಯೋಗಿಸಿ ನೋಡಬೇಕು. O, S, F, Cl ಇವುಗಳನ್ನು ಎಲೆಕ್ಟ್ರಾನ್ ಗಳಿಕೆಯಲ್ಲಿ ಹೊರಬರುವ ಶಕ್ತಿಯ ಏರಿಕೆ ಕ್ರಮದಲ್ಲಿ ಜೋಡಿಸಬೇಕು ಎಂದುಕೊಳ್ಳಿ. ಮೊದಲು ಗುಂಪುಗಳನ್ನು ಬೇರ್ಪಡಿಸಬೇಕು: ಒಂದೇ ಎಲೆಕ್ಟ್ರಾನು ಸಿಕ್ಕರೆ ಅಷ್ಟಕ ಪೂರ್ತಿಯಾಗುವ 17ನೇ ಗುಂಪಿನ ಎರಡೂ ಸದಸ್ಯರು 16ನೇ ಗುಂಪಿನ ಎರಡೂ ಸದಸ್ಯರಿಗಿಂತ ಮೇಲಿರುತ್ತಾರೆ. ಅನಂತರ ಪ್ರತಿ ಗುಂಪಿನೊಳಗೆ ಇಕ್ಕಟ್ಟಿನ ಕಾರಣವನ್ನು ಅನ್ವಯಿಸಬೇಕು: ಆಕ್ಸಿಜನ್ ಗಂಧಕಕ್ಕಿಂತ ಕೆಳಗೆ, ಫ್ಲೋರಿನ್ ಕ್ಲೋರಿನ್‌ಗಿಂತ ಕೆಳಗೆ. ಉತ್ತರ O < S < F < Cl, ಪರಿಮಾಣಗಳು 141, 200, 328, 349. ಇಕ್ಕಟ್ಟಿನ ಕಾರಣವನ್ನೇ ಮೊದಲು ಹಿಡಿದು ‘ಎರಡನೇ ಆವರ್ತದವು ಕೆಳಗೆ, ಮೂರನೆಯವು ಮೇಲೆ’ ಎಂದು ಹೊರಟವರು O < F < S < Cl ಎಂದು ಬರೆಯುತ್ತಾರೆ, ಮತ್ತು ಆಯ್ಕೆಗಳ ನಡುವೆ ಆ ತಪ್ಪು ಕ್ರಮವೂ ಸಾಮಾನ್ಯವಾಗಿ ಕಾದು ಕೂತಿರುತ್ತದೆ.